ದೊಡ್ಡವರಿಗೆ ಒಮ್ಮೆಲೇ ಮೆಳ್ಳೆಗಣ್ಣು ಬಂದರೆ ಚಷ್ಮಾದ ಅಂಗಡಿಗೆ ಹೋಗಬೇಡಿ

ಪ್ರಶ್ನೆ: ನಮ್ಮ ಮನೆಯವರಿಗೆ 54 ವರ್ಷ, ಶುಗರ್ ಇದೆ. ಎಂಟು ದಿನದ ಹಿಂದೆ ಬೆಳಿಗ್ಗೆ ಎದ್ದವರೇ ಎಲ್ಲಾ ಎರಡೆರಡು ಕಾಣ್ತಿದೆ ಅಂದರು. ಎಡಗಣ್ಣು ಮೂಗಿನ ಕಡೆ ಸರಿದಿದೆ. ಹೊಸ ಚಷ್ಮಾ ಮಾಡಿಸಿದೆವು, ಏನೂ ಫರಕ್ ಆಗಿಲ್ಲ. ಲಕ್ವಾ ಔಷಧಿ ಹಾಕಿಸೋಣ ಅಂತಾರೆ ಮನೆಯಲ್ಲಿ. ಹಾಕಿಸಬಹುದಾ? – ಜೇವರ್ಗಿ ತಾಲ್ಲೂಕಿನಿಂದ ಒಬ್ಬ ಓದುಗರು

ಹಾಕಿಸಬೇಡಿ ಅಕ್ಕಾ. ಇವತ್ತೇ ಅವರನ್ನು ಕರೆದುಕೊಂಡು ಕಲಬುರಗಿಗೆ ಬನ್ನಿ. ಜಿಮ್ಸ್ ಆಸ್ಪತ್ರೆ ಆದರೂ ಸರಿ, ನಿಮಗೆ ಗೊತ್ತಿರುವ ಕಣ್ಣಿನ ಡಾಕ್ಟರ್ ಆದರೂ ಸರಿ. ಎಂಟು ದಿನ ಆಗಲೇ ಹೋಗಿದೆ. ಇಂಥ ಪತ್ರ ನನಗೆ ಪದೇ ಪದೇ ಬರುತ್ತದೆ, ಪ್ರತಿ ಸಲವೂ ಮೊದಲು ಚಷ್ಮಾ ಮಾಡಿಸಿ ಆಮೇಲೆ ಬರೆದಿರುತ್ತಾರೆ. ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ, ಎಂಟು ದಿನದ ಮೆಳ್ಳೆಗಣ್ಣು ಎದುರಿಗೆ ಕಾಣುತ್ತಿದ್ದರೂ ನಂಬರ್ ಬದಲಾಗಿದೆ ಅಂದವರ ಮೇಲೆ.

ಮಕ್ಕಳ ಮೆಳ್ಳೆಗಣ್ಣೇ ಬೇರೆ, ಇದೇ ಬೇರೆ. ಮಗುವಿಗೆ ಮಿದುಳು ಇನ್ನೂ ನೋಡೋದು ಕಲಿಯುತ್ತಿರುತ್ತದೆ. ಎರಡು ಚಿತ್ರ ಬಂದರೆ ಓರೆಯಾದ ಕಣ್ಣಿನ ಚಿತ್ರವನ್ನು ಅದು ಬಿಟ್ಟುಬಿಡುತ್ತದೆ. ಹಾಗಾಗಿ ಮಗು ಎರಡು ಕಾಣುತ್ತದೆ ಅನ್ನೋದಿಲ್ಲ, ಆ ಕಣ್ಣಿನ ದೃಷ್ಟಿ ಮಾತ್ರ ಮೆಲ್ಲಗೆ ಮಂದವಾಗುತ್ತದೆ. ಅಲ್ಲಿ ಎಷ್ಟೋ ಸಲ ಚಷ್ಮಾ ಒಂದರಿಂದಲೇ ಕಣ್ಣು ನೇರವಾಗುತ್ತದೆ. ನಿಮ್ಮ ಮನೆಯವರ ಮಿದುಳು ಐವತ್ತು ವರ್ಷ ಎರಡೂ ಕಣ್ಣು ಜೋಡಿಸಿ ನೋಡಿದೆ. ಒಂದು ಕಣ್ಣು ಸರಿದರೆ ಆ ಚಿತ್ರವನ್ನು ಬಿಡಲು ಅದಕ್ಕೆ ಬರೋದಿಲ್ಲ. ಅದಕ್ಕೇ ಎರಡೆರಡು ಕಾಣುವುದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಕಣ್ಣು ಮುಚ್ಚಿಸಿ ಕೇಳಿ, ಆಮೇಲೆ ಇನ್ನೊಂದನ್ನು ಮುಚ್ಚಿಸಿ ಕೇಳಿ. ಯಾವುದನ್ನು ಮುಚ್ಚಿದರೂ ಒಂದೇ ಕಂಡರೆ ಎರಡು ಕಣ್ಣಿನ ಹೊಂದಾಣಿಕೆ ತಪ್ಪಿದೆ ಎಂದರ್ಥ. ಒಂದು ಕಣ್ಣು ಮುಚ್ಚಿದ ಮೇಲೂ ಎರಡು ಕಂಡರೆ ತೊಂದರೆ ತೆರೆದಿರುವ ಕಣ್ಣಿನಲ್ಲೇ ಇದೆ, ಮೋತಿಬಿಂದು ಇರಬಹುದು.

ನೀವು ಬರೆದದ್ದು ನೋಡಿದರೆ ಇದು ಆರನೇ ನರದ ತೊಂದರೆ ಇದ್ದ ಹಾಗಿದೆ. ಕಣ್ಣನ್ನು ಹೊರಗಡೆ ತಿರುಗಿಸುವ ಸ್ನಾಯುವಿಗೆ ಮಿದುಳಿನಿಂದ ಬರುವ ನರ ಅದೊಂದೇ. ಶುಗರ್, ಬಿಪಿ ಇರುವವರಲ್ಲಿ ಆ ನರಕ್ಕೆ ರಕ್ತ ಕೊಡುವ ಸಣ್ಣ ನಾಳ ಕಟ್ಟಿಕೊಳ್ಳುತ್ತದೆ. ಹೊರಗಿನ ಸ್ನಾಯು ಸೋತಾಗ ಒಳಗಿನದು ಕಣ್ಣನ್ನು ಮೂಗಿನ ಕಡೆ ಎಳೆದುಕೊಳ್ಳುತ್ತದೆ. ಎಡಕ್ಕೆ ನೋಡಿದಾಗ, ದೂರ ನೋಡಿದಾಗ ಎರಡು ಚಿತ್ರದ ನಡುವಿನ ಅಂತರ ಜಾಸ್ತಿ ಆಗುತ್ತಾ, ಕೇಳಿ ನೋಡಿ.

ಆದರೆ ಶುಗರ್ ಇದೆ ಎಂದು ಎಲ್ಲಾ ಮೆಳ್ಳೆಯನ್ನೂ ಅದರ ಲೆಕ್ಕಕ್ಕೆ ಹಾಕಬಾರದು. ಚಿತ್ತಾಪುರ ಕಡೆಯ ಒಬ್ಬ ತಾಯಿ ಬಂದಿದ್ದರು, ಅವರಿಗೂ ಶುಗರ್. ಬಲಗಣ್ಣಿನ ರೆಪ್ಪೆ ಪೂರ್ತಿ ಇಳಿದಿತ್ತು. ಎತ್ತಿ ನೋಡಿದರೆ ಕಣ್ಣು ಹೊರಗೆ, ಕೆಳಗೆ ಹೋಗಿತ್ತು. ಟಾರ್ಚ್ ಬಿಟ್ಟಾಗ ಎಡಗಣ್ಣಿನ ಪಾಪೆ ಜೋಳದ ಕಾಳಿಗಿಂತ ಸಣ್ಣದಾಯಿತು. ಬಲಗಣ್ಣಿನದು ತೊಗರಿ ಕಾಳಿನಷ್ಟು ದೊಡ್ಡದಾಗಿ ಹಾಗೇ ನಿಂತಿತು. ಅದು ಮೂರನೇ ನರ. ಪಾಪೆ ಹಿಗ್ಗಿದೆ ಎಂದರೆ ಮಿದುಳಿನ ರಕ್ತನಾಳ ಬಲೂನಿನಂತೆ ಉಬ್ಬಿ ಆ ನರವನ್ನು ಒತ್ತುತ್ತಿರಬಹುದು, ಅದು ಒಡೆದರೆ ಜೀವಕ್ಕೇ ಅಪಾಯ. ಅವರನ್ನು ಮನೆಗೆ ಕಳಿಸಲಿಲ್ಲ, ಅದೇ ಸಂಜೆ ಮಿದುಳಿನ ರಕ್ತನಾಳದ ಸ್ಕ್ಯಾನ್ ಮಾಡಿಸಿದೆ. ಉಬ್ಬಿದ ನಾಳ ಸಿಕ್ಕಿತು, ಸಮಯಕ್ಕೆ ಚಿಕಿತ್ಸೆಯೂ ಆಯಿತು.

ರೆಪ್ಪೆ ಇಳಿಯುವುದು, ಪಾಪೆ ದೊಡ್ಡದಾಗುವುದು, ಜೋರು ತಲೆನೋವು, ವಾಂತಿ, ಮಾತು ತೊದಲುವುದು, ಕೈಕಾಲು ಸೋಲುವುದು, ಇವುಗಳಲ್ಲಿ ಒಂದಿದ್ದರೂ ಬೆಳಗಾಗುವ ತನಕ ಕಾಯಬೇಡಿ. ಐವತ್ತು ದಾಟಿದವರಿಗೆ ರೊಟ್ಟಿ ಅಗಿಯುವಾಗ ದವಡೆ ನೋಯುತ್ತಾ, ಕಣತಲೆ ಮುಟ್ಟಿದರೆ ನೋವಾ ಎಂದೂ ನಾನು ಕೇಳುತ್ತೇನೆ. ಹಾಗಿದ್ದರೆ ಕಣತಲೆಯ ರಕ್ತನಾಳಕ್ಕೆ ಉರಿಯೂತ ಆಗಿರಬಹುದು. ನಮ್ಮಲ್ಲಿ ಆ ಕಾಯಿಲೆ ಕಡಿಮೆ, ಆದರೆ ಬಿಟ್ಟರೆ ದೃಷ್ಟಿಯೇ ಹೋಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ರೆಪ್ಪೆ ಜೋತು ಎರಡು ಕಾಣುವವರದು ಮತ್ತೆ ಬೇರೆ ಕಾಯಿಲೆ, ಅದಕ್ಕೆ ಬೇರೆ ಔಷಧಿ.

ಇದ್ಯಾವುದೂ ಇಲ್ಲ, ಶುಗರ್‌ನಿಂದಲೇ ಆದದ್ದು ಎಂದು ಗೊತ್ತಾದರೆ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ನರ ತಾನಾಗಿ ಚೇತರಿಸಿಕೊಳ್ಳುತ್ತದೆ. ಲಕ್ವಾ ಔಷಧಿ ಕೊಡುವವರು ಬದುಕಿರುವುದೇ ಇದರ ಮೇಲೆ. ಮೂಗಿಗೆ, ಕಣ್ಣಿಗೆ ಸೊಪ್ಪಿನ ರಸ ಬಿಡುತ್ತಾರೆ, ಪಥ್ಯ ಹೇಳುತ್ತಾರೆ. ಮೂರು ತಿಂಗಳಿಗೆ ಕಣ್ಣು ನೇರವಾದರೆ ಹೆಸರು ಅವರಿಗೆ. ರಸ ಬಿಡಿಸಿಕೊಂಡು ಕರಿಗುಡ್ಡೆಯಲ್ಲಿ ಹುಣ್ಣಾಗಿ ಬಂದವರನ್ನು ನೋಡುವುದು ನಾವು.

ಆ ಮೂರು ತಿಂಗಳು ಕಳೆಯುವುದು ಹೇಗೆ? ಮೊದಲು ಒಂದು ಕಣ್ಣಿಗೆ ಪಟ್ಟಿ. ಯಾವ ಕಣ್ಣಿಗಾದರೂ ಕಟ್ಟಬಹುದು, ದಿನ ಬಿಟ್ಟು ದಿನ ಬದಲಾಯಿಸಬಹುದು. ಪಟ್ಟಿ ಕಟ್ಟಿದರೆ ಕಣ್ಣು ಸೋಮಾರಿಯಾಗುತ್ತದೆ ಎಂಬ ಹೆದರಿಕೆ ಮಕ್ಕಳ ವಿಷಯದಲ್ಲಿ ನಿಜ, 54ರಲ್ಲಿ ಅಲ್ಲ. ಆದರೆ ಪಟ್ಟಿ ಕಟ್ಟಿಕೊಂಡು ಬೈಕ್ ಹತ್ತುವುದು ಬೇಡ, ಒಂದೇ ಕಣ್ಣಿಗೆ ದೂರದ ಅಂದಾಜು ಸಿಗೋದಿಲ್ಲ. ಇನ್ನೊಂದು ದಾರಿ ಪ್ರಿಸಂ ಹಾಳೆ. ಸಣ್ಣ ಗೆರೆಗೆರೆ ಇರುವ ತೆಳು ಪ್ಲಾಸ್ಟಿಕ್ ಅದು, ಈಗಿನ ಚಷ್ಮಾದ ಗಾಜಿನ ಒಳಗಡೆ ಅಂಟಿಸುತ್ತೇವೆ. ಬೆಳಕನ್ನು ಬಾಗಿಸಿ ಎರಡು ಚಿತ್ರವನ್ನು ಒಂದರ ಮೇಲೊಂದು ತರುತ್ತದೆ. ಸ್ವಲ್ಪ ಮಸುಕಾಗುತ್ತದೆ, ನಿಜ. ಆದರೆ ಮೆಳ್ಳೆ ಕಡಿಮೆಯಾದ ಹಾಗೆ ಹಾಳೆ ಬದಲಾಯಿಸಬಹುದು. ಮೊದಲ ತಿಂಗಳಲ್ಲೇ ಗಾಜಿನಲ್ಲಿ ಪ್ರಿಸಂ ಕಡೆಸುವುದು ದುಡ್ಡು ದಂಡ.

ನನ್ನ ಹತ್ತಿರ ಬಂದಿದ್ದ ದಾಲ್ ಮಿಲ್ಲಿನ ಒಬ್ಬರು 58 ವರ್ಷದವರು. ಮೊದಲ ದಿನ ಅವರ ಎಡಗಣ್ಣು ನಡುಗೆರೆಯನ್ನೂ ದಾಟಲಿಲ್ಲ. ಶುಗರ್, ಬಿಪಿ ಹಿಡಿತಕ್ಕೆ ತಂದೆವು, ಪಟ್ಟಿ ಕೊಟ್ಟೆವು. ಆರನೇ ವಾರ ಕಣ್ಣು ನಡುಗೆರೆ ದಾಟಿತು, ಆಗ ಪ್ರಿಸಂ ಹಾಳೆ ಅಂಟಿಸಿದೆ. ಹನ್ನೊಂದನೇ ವಾರ ಹಾಳೆ ಕಿತ್ತೆವು. ಮೂರು ತಿಂಗಳಿಗೂ ಹೀಗೆ ಸುಧಾರಿಸದಿದ್ದರೆ, ಅಥವಾ ನಡುವೆಯೇ ಇನ್ನೊಂದು ನರ ಸೋತರೆ, ಕಾರಣ ಶುಗರ್ ಅಲ್ಲದೇ ಇರಬಹುದು. ಮೊದಲು ಸ್ಕ್ಯಾನ್ ಮಾಡಿಸಿರದಿದ್ದರೆ ಆಗ ಎಂಆರ್‌ಐ ಮಾಡಿಸಲೇಬೇಕು.

ಕೆಲವರಿಗೆ ಒಳಗಿನ ಸ್ನಾಯುವಿಗೆ ಬೊಟಾಕ್ಸ್ ಸೂಜಿ ಕೊಡುತ್ತಾರೆ. ಮುಖದ ಸುಕ್ಕಿಗೆ ಹಾಕುವ ಔಷಧಿ ಎಂದು ಹೆದರಬೇಡಿ, ಅಮೆರಿಕದಲ್ಲಿ 1989ರಲ್ಲಿ ಮೊದಲು ಇದಕ್ಕೆ ಅನುಮತಿ ಸಿಕ್ಕಿದ್ದೇ ಮೆಳ್ಳೆಗಣ್ಣಿಗೆ ಮತ್ತು ರೆಪ್ಪೆ ಬಿಗಿದುಕೊಳ್ಳುವ ಕಾಯಿಲೆಗೆ. ಸುಮಾರು ಮೂರು ತಿಂಗಳು ಆ ಸ್ನಾಯುವಿನ ಎಳೆತ ಸಡಿಲವಾಗುತ್ತದೆ. ಇದನ್ನು ಅಭ್ಯಾಸ ಇರುವ ಕೈಯೇ ಮಾಡಬೇಕು.

ಆಪರೇಷನ್ ಕೊನೆಗೆ. ಆರು ತಿಂಗಳು ಕಾದು, ಮೆಳ್ಳೆಯ ಅಳತೆ ಬದಲಾಗದೆ ನಿಂತಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ. ಅವಸರಪಟ್ಟು ಮಾಡಿಸಿದರೆ ಆಮೇಲೆ ನರ ಚೇತರಿಸಿಕೊಂಡು ಕಣ್ಣು ಆಚೆ ಕಡೆ ಹೋಗುತ್ತದೆ. ಗುಡ್ಡೆಯನ್ನು ಹೊರಗೆ ತೆಗೆಯೋದಿಲ್ಲ. ಸ್ನಾಯು ಅಂಟಿಕೊಂಡ ಜಾಗವನ್ನು ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸುವುದು, ಇಲ್ಲವೇ ಸ್ನಾಯುವನ್ನು ಗಿಡ್ಡ ಮಾಡುವುದು, ಅಷ್ಟೇ. ನರ ಪೂರ್ತಿ ಸತ್ತಿದ್ದರೆ ಮೇಲಿನ, ಕೆಳಗಿನ ಸ್ನಾಯುಗಳನ್ನು ಹೊರಗಡೆಗೆ ಜರುಗಿಸುತ್ತಾರೆ. ನೇರ ನೋಡುವಾಗ, ಓದುವಾಗ ಒಂದೇ ಕಾಣಬೇಕು ಎಂಬುದು ಗುರಿ. ಪೂರ್ತಿ ಪಕ್ಕಕ್ಕೆ ನೋಡಿದಾಗ ಎರಡು ಕಾಣುವುದು ಉಳಿಯಬಹುದು, ಇದನ್ನು ಮೊದಲೇ ಹೇಳದ ಡಾಕ್ಟರ ಹತ್ತಿರ ನಾನಾದರೆ ಮಾಡಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ತೋರಿಸುವ ಕಣ್ಣಿನ ವ್ಯಾಯಾಮದಿಂದ ಮೆಳ್ಳೆ ಹೋಗುತ್ತಾ? – ಯಾದಗಿರಿ

ಸೋತ ನರಕ್ಕೆ ವ್ಯಾಯಾಮದಿಂದ ಏನೂ ಆಗೋದಿಲ್ಲ.

ಪ್ರಶ್ನೆ: ನನಗೆ 29 ವರ್ಷ, ಚಿಕ್ಕಂದಿನಿಂದ ಮೆಳ್ಳೆ. ಈಗ ಆಪರೇಷನ್ ಮಾಡಿಸಿದರೆ ಆ ಕಣ್ಣಿನ ದೃಷ್ಟಿ ಬರುತ್ತಾ? – ಬೀದರ್

ದೃಷ್ಟಿ ಬರೋದಿಲ್ಲ, ಕಣ್ಣು ನೇರವಾಗುತ್ತದೆ. ಅದಕ್ಕಾಗಿ ಧಾರಾಳವಾಗಿ ಮಾಡಿಸಿಕೊಳ್ಳಿ, ವಯಸ್ಸು ಮೀರಿಲ್ಲ. ಆದರೆ ಕಣ್ಣು ನೇರವಾದ ಮೇಲೆ ಎರಡು ಕಾಣುತ್ತದೋ ಏನೋ ಎಂದು ಮೊದಲೇ ಪ್ರಿಸಂ ಹಿಡಿದು ಪರೀಕ್ಷಿಸಲು ಹೇಳಿ.