ಮಾವನಿಗೆ ಬರೆಯುವ ಪತ್ರ: ಬಂಡವಾಳವೋ, ಸಾಲವೋ?

ಪ್ರಶ್ನೆ: ನನಗೆ 36 ವರ್ಷ. ಚಕ್ಕುಲಿ, ಕೋಡುಬಳೆ ಮಾಡುವವರಿಂದ ಸಗಟಾಗಿ ಕೊಂಡು, 200 ಗ್ರಾಂ ಪ್ಯಾಕೆಟ್ ಕಟ್ಟಿ ಅಂಗಡಿಗಳಿಗೆ ಹಾಕಬೇಕೆಂದಿದ್ದೇನೆ. ಕಳೆದ ವರ್ಷ ನಿವೃತ್ತರಾದ ಸೋದರಮಾವನಿಗೆ ಪತ್ರ ಬರೆದು 1 ಲಕ್ಷ ರೂ. ಬಂಡವಾಳ ಕೇಳಲು ಹೊರಟಿದ್ದೇನೆ. ಯಂತ್ರ, ತಕ್ಕಡಿಗೆ 35,000, ಹೆಸರು ಮುದ್ರಿಸಿದ ಕವರಿಗೆ 40,000, ತಿಂಡಿಗೆ 25,000. ಪ್ಯಾಕೆಟ್ಟಿಗೆ ತಿಂಡಿ 32, ಕವರ್ ಮತ್ತು ಚೀಟಿ 4, ಒಟ್ಟು 36 ರೂ. ಬೀಳುತ್ತದೆ. ಅಂಗಡಿಗೆ 42ಕ್ಕೆ ಕೊಟ್ಟರೆ 6 ರೂ. ಉಳಿಯುತ್ತದೆ. ದಿನಕ್ಕೆ 80 ಪ್ಯಾಕೆಟ್ಟಿನಂತೆ 26 ದಿನಕ್ಕೆ 12,000ಕ್ಕೂ ಹೆಚ್ಚಾಗುತ್ತದೆ. ಹಾಗಾಗಿ ಮುಂದಿನ ತಿಂಗಳಿಂದಲೇ 10,000ದಂತೆ ಹತ್ತು ತಿಂಗಳಲ್ಲಿ ತೀರಿಸುತ್ತೇನೆಂದು ಬರೆದಿದ್ದೇನೆ. ಅಮ್ಮ ತವರಿನ ಆಸ್ತಿಯಲ್ಲಿ ಪಾಲು ಬೇಡವೆಂದು ಹಕ್ಕು ಬಿಡುಗಡೆಗೆ ಸಹಿ ಹಾಕಿದ್ದಾಳೆ. "ಅದನ್ನೂ ಒಂದು ಸಾಲು ಸೇರಿಸು" ಎನ್ನುತ್ತಾಳೆ. ಪತ್ರ ಮೂರು ಸಲ ಬರೆದು ಹರಿದಿದ್ದೇನೆ. ಹೇಗೆ ಬರೆಯಲಿ?

ಉತ್ತರ: ನೀವು ಮೂರು ಸಲ ಹರಿದದ್ದು ಒಳ್ಳೆಯದೇ ಆಯಿತು. ಆ ಪತ್ರ ಹೋಗಿದ್ದರೆ ಮಾವ ಬಹುಶಃ ಹಣ ಕೊಡುತ್ತಿದ್ದರು, ಆದರೆ ಎರಡನೆಯ ಕಂತಿನ ಹೊತ್ತಿಗೆ ನೀವು ಮತ್ತೊಂದು ಪತ್ರ ಬರೆಯಬೇಕಾಗುತ್ತಿತ್ತು.

ಮೊದಲು ಪತ್ರದ ಒಂದು ಪದವನ್ನು ಸರಿಪಡಿಸಿಕೊಳ್ಳಿ. ನೀವು ಕೇಳುತ್ತಿರುವುದು ಬಂಡವಾಳ, ಕೊಡುತ್ತೇನೆನ್ನುತ್ತಿರುವುದು ಕಂತು. ಬಂಡವಾಳ ಹಾಕಿದವರು ಲಾಭದಲ್ಲಿ ಪಾಲು ಪಡೆಯುತ್ತಾರೆ, ನಷ್ಟವಾದರೆ ಅದನ್ನೂ ಹೊರುತ್ತಾರೆ, ಮತ್ತು ಅವರಿಗೆ ತಿಂಗಳ ಕಂತೆಂಬುದು ಇರುವುದಿಲ್ಲ. ಸಾಲ ಕೊಟ್ಟವರಿಗೆ ವ್ಯಾಪಾರ ಹೇಗೇ ನಡೆಯಲಿ, ಕೊಟ್ಟ ಹಣ ವಾಪಸು ಬರಬೇಕು. ಈ ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದರೆ, ವ್ಯಾಪಾರ ಕುಸಿದಾಗ ನೀವು ಅದನ್ನು ಬಂಡವಾಳವೆಂದೂ ಮಾವ ಅದನ್ನು ಸಾಲವೆಂದೂ ನೆನಪಿಸಿಕೊಳ್ಳುತ್ತೀರಿ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ನಿವೃತ್ತರಾದವರ ಹಣವಾದ್ದರಿಂದ ಅದನ್ನು ಸಾಲವೆಂದೇ ಬರೆಯಿರಿ. ಪಾಲು ಬೇಕೆಂದು ಅವರೇ ಕೇಳಿದರೆ ಅದರ ಮಾತನ್ನು ಆಮೇಲೆ ಆಡಬಹುದು.

ಇನ್ನು ಲೆಕ್ಕ. ಪ್ಯಾಕೆಟ್ಟಿಗೆ 6 ರೂ. ಎಂಬುದು ಕಟ್ಟಿದ ಪ್ಯಾಕೆಟ್ಟೆಲ್ಲ ಮಾರಾಟವಾದಾಗ ಮಾತ್ರ ನಿಜ. ಈ ವ್ಯಾಪಾರದಲ್ಲಿ ಅಂಗಡಿಯಿಂದ ವಾಪಸು ಬರುವ ಮಾಲು ಇದ್ದೇ ಇರುತ್ತದೆ: ಅಂಚು ಸರಿಯಾಗಿ ಅಂಟದೆ ಗಾಳಿ ಹೊಕ್ಕು ಮೆತ್ತಗಾದದ್ದು, ಎಣ್ಣೆ ಕಮಟು ಹಿಡಿದದ್ದು, ಸಾಗಿಸುವಾಗ ಪುಡಿಯಾದದ್ದು, ಅವಧಿ ಮೀರಿದ್ದು. ನೂರರಲ್ಲಿ ಐದು ವಾಪಸು ಬಂದವೆಂದಿಟ್ಟುಕೊಳ್ಳಿ. ಉಳಿದ 95ರಿಂದ 570 ರೂ. ಸಿಗುತ್ತದೆ, ಆದರೆ ಆ ಐದಕ್ಕೆ ಹಾಕಿದ 180 ರೂ. ಮಣ್ಣುಪಾಲಾಗಿ 390 ಮಾತ್ರ ಕೈಗೆ ಬರುತ್ತದೆ. ಅಂದರೆ ಪ್ಯಾಕೆಟ್ಟಿಗೆ ಉಳಿಯುವುದು 3 ರೂ. 90 ಪೈಸೆ. ತಿಂಗಳ 2,080 ಪ್ಯಾಕೆಟ್ಟಿಗೆ ಸುಮಾರು 8,100 ಆಯಿತು. ಅದರಲ್ಲಿ ಪೆಟ್ರೋಲು, ಕರೆಂಟಿಗೆಂದು 1,500 ಕಳೆದರೆ 6,600 ಉಳಿಯುತ್ತದೆ. ಇದರಲ್ಲಿ 10,000ದ ಕಂತು ಕಟ್ಟುವುದು ಹೇಗೆ?

ವಾಪಸಾತಿ ಐದಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಲು ಒಂದು ಸುಲಭದ ಪರೀಕ್ಷೆಯಿದೆ. ದಿನದ ಮೊದಲ ಹತ್ತು ಪ್ಯಾಕೆಟ್ಟುಗಳಲ್ಲಿ ಒಂದನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿ ಮೆಲ್ಲಗೆ ಅದುಮಿ. ಅಂಚಿನಿಂದ ಗುಳ್ಳೆ ಎದ್ದರೆ ಯಂತ್ರದ ಬಿಸಿ ಸಾಲದು, ಇಲ್ಲವೇ ಅಂಚಿನಲ್ಲಿ ಎಣ್ಣೆ ಅಥವಾ ಪುಡಿ ಅಂಟಿಕೊಂಡಿದೆ ಎಂದರ್ಥ. ತಿಂಡಿ ಮಾಡಿದವರು ಹೇಳಿದ ಅವಧಿಗಿಂತ ಹೆಚ್ಚಿನ ಅವಧಿಯನ್ನು ನಿಮ್ಮ ಚೀಟಿಯ ಮೇಲೆ ಹಾಕಲೇಬೇಡಿ.

ಆದರೆ ನಿಮ್ಮ ಯೋಜನೆಯ ನಿಜವಾದ ತೂತು ಇದಲ್ಲ, ಉದ್ರಿ. ಹೊಸ ಸರಕಿಗೆ ಅಂಗಡಿಯವರು ಕೂಡಲೇ ಹಣ ಎಣಿಸುವುದು ಅಪರೂಪ. ಮುಂದಿನ ಸಲ ಮಾಲು ಹಾಕಲು ಹೋದಾಗ ಹಿಂದಿನದ್ದರ ಹಣ ಕೊಡುತ್ತಾರೆ, ಅದೂ ಮಾರಿ ಹೋದದ್ದಕ್ಕೆ ಮಾತ್ರ. ಹದಿನೈದು ದಿನದ ಉದ್ರಿ ಎಂದು ಹಿಡಿಯೋಣ. ದಿನಕ್ಕೆ 80 ಪ್ಯಾಕೆಟ್ಟಿಗೆ ತಿಂಡಿಗೇ 2,560 ರೂ. ಬೇಕು, ನೀವು ಇಟ್ಟುಕೊಂಡದ್ದು 25,000. ಹತ್ತನೆಯ ದಿನ ಬೆಳಿಗ್ಗೆ ಚಕ್ಕುಲಿ ತರಲು ನಿಮ್ಮ ಕೈಯಲ್ಲಿ ಬೇಕಾದಷ್ಟು ದುಡ್ಡಿಲ್ಲ, ಅಂಗಡಿಗಳಿಂದ ಒಂದು ರೂಪಾಯಿಯೂ ಬಂದಿಲ್ಲ, ಮನೆಯ ಮೂಲೆಯಲ್ಲಿ ಮಾತ್ರ 40,000 ರೂಪಾಯಿಯ ಹೊಳೆಯುವ ಕವರಿನ ಗಂಟು ಕುಳಿತಿದೆ. ಮಾವನಿಗೆ ಎರಡನೆಯ ಸಲ ಫೋನು ಮಾಡುವುದು ಆ ದಿನವೇ.

ಆದ್ದರಿಂದ ಮುದ್ರಿಸಿದ ಕವರನ್ನು ಸದ್ಯಕ್ಕೆ ಬಿಡಿ. ಅದನ್ನು ಮಾಡಿಕೊಡುವವರು ದೊಡ್ಡ ಪ್ರಮಾಣದಲ್ಲಿಯೇ ಮಾಡುತ್ತಾರೆ, ಮುದ್ರಣದ ಸಿಲಿಂಡರಿನ ಖರ್ಚು ಬೇರೆ. ನಾಳೆ ಬೆಲೆಯೋ ವಿಳಾಸವೋ ಬದಲಾದರೆ ಅಷ್ಟೂ ರದ್ದಿಗೆ. ಸಾದಾ ಕವರು ಮತ್ತು ಅಂಟಿಸುವ ಚೀಟಿಗೆ ಮೊದಲಿಗೆ 10,000 ಸಾಕು. ಉಳಿದ 30,000 ತಿಂಡಿಗೆ ಸೇರಿದರೆ 55,000 ಆಗಿ ಇಪ್ಪತ್ತೊಂದು ದಿನ ಉಸಿರಾಡುತ್ತೀರಿ, ಅಷ್ಟರಲ್ಲಿ ಅಂಗಡಿಯ ಹಣ ತಿರುಗಿ ಬರತೊಡಗುತ್ತದೆ. ಕೇಳುವ ಮೊತ್ತ ಅದೇ 1 ಲಕ್ಷ, ಹಂಚಿಕೆ ಮಾತ್ರ ಬೇರೆ. ಚೀಟಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಲೇಬೇಕಾದ್ದರಿಂದ ಆ ನೋಂದಣಿಯನ್ನು ಹಣ ಕೇಳುವ ಮೊದಲೇ ಮಾಡಿಸಿ, ಅದರ ಪ್ರತಿಯನ್ನು ಪತ್ರದೊಂದಿಗೆ ಇಡಿ. ನೀವು ಮಾತಿನಲ್ಲೇ ನಿಂತಿಲ್ಲವೆಂಬುದು ಅದರಿಂದ ಮಾವನಿಗೆ ತಿಳಿಯುತ್ತದೆ.

ಈಗ ಕಂತು. ಮೊದಲ ಮೂರು ತಿಂಗಳು ಏನೂ ಇಲ್ಲ, ನಾಲ್ಕನೆಯ ತಿಂಗಳ ಕೊನೆಯಿಂದ 4,000ದಂತೆ ಇಪ್ಪತ್ತೈದು ಕಂತುಗಳಲ್ಲಿ ಅಸಲು ಮುಗಿಯುತ್ತದೆ. ಬಡ್ಡಿಯನ್ನು ಮಾವ ಬೇಡವೆನ್ನಬಹುದು, ಆದರೂ ನೀವಾಗಿ ಬರೆಯಿರಿ, ಏಕೆಂದರೆ ಆ ಹಣ ಈಗ ಎಲ್ಲೋ ಠೇವಣಿಯಲ್ಲಿ ಬಡ್ಡಿ ತರುತ್ತಿರಬೇಕು. ಬಾಕಿಯ ಮೇಲೆ ವರ್ಷಕ್ಕೆ ಶೇ. 6ರ ಸರಳ ಬಡ್ಡಿ ಹಾಕಿದರೆ ಇಡೀ ಅವಧಿಗೆ ಸರಿಯಾಗಿ 8,000 ರೂ. ಆಗುತ್ತದೆ, ಅಂದರೆ ಇನ್ನೆರಡು ಕಂತು. ಎರಡೂವರೆ ವರ್ಷಕ್ಕೆ ಎಲ್ಲ ತೀರುತ್ತದೆ. ಕಂತು ಕಟ್ಟಿದ ಮೇಲೆ ನಿಮ್ಮ ದುಡಿಮೆಗೆ ತಿಂಗಳಿಗೆ 2,600 ಮಾತ್ರ ಉಳಿಯುತ್ತದೆಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ. ಅಷ್ಟರಲ್ಲಿ ಎರಡೂವರೆ ವರ್ಷ ದುಡಿಯಲು ನೀವೂ ಮನೆಯವರೂ ಸಿದ್ಧರಿಲ್ಲದಿದ್ದರೆ, ಪತ್ರವನ್ನು ನಾಲ್ಕನೆಯ ಸಲ ಬರೆಯಬೇಡಿ. ದಿನಕ್ಕೆ ಸುಮಾರು 55 ಪ್ಯಾಕೆಟ್ಟಿಗಿಂತ ಕೆಳಗಿಳಿದರೆ ಕಂತಿಗೂ ಸಾಲದು. ಆ ಸಂಖ್ಯೆ ಪತ್ರದಲ್ಲಿರಲಿ.

ಪತ್ರದ ಒಕ್ಕಣೆ ನಿಮಗೆ ಗೊತ್ತಿರುವಂತೆಯೇ ಇರಲಿ, "ತೀರ್ಥರೂಪ ಸಮಾನರಾದ ಮಾವನವರಿಗೆ" ಎಂದು ಶುರುಮಾಡಿ, ಕುಶಲ ಕೇಳಿ. ಆದರೆ ಕುಶಲದ ಮಾತು ಮೂರು ಪುಟ ಹಬ್ಬಿ ಹಣದ ಮಾತು ಕೊನೆಯ ಅಂಚಿನಲ್ಲಿ ತೂರಿಕೊಳ್ಳಬಾರದು. ಎರಡನೆಯ ಪ್ಯಾರಾ ಹೀಗಿದ್ದರೆ ಸಾಕು:

"ಮಾವ, ತಿಂಡಿ ಪ್ಯಾಕ್ ಮಾಡಿ ಅಂಗಡಿಗಳಿಗೆ ಹಾಕುವ ಕೆಲಸ ಶುರುಮಾಡಲು ನಿಮ್ಮಿಂದ 1 ಲಕ್ಷ ರೂಪಾಯಿ ಸಾಲ ಕೇಳುತ್ತಿದ್ದೇನೆ. ಯಂತ್ರ ಮತ್ತು ತಕ್ಕಡಿಗೆ 35,000, ಕವರು ಮತ್ತು ಚೀಟಿಗೆ 10,000, ತಿಂಡಿಗೆ 55,000 ಖರ್ಚಾಗುತ್ತದೆ. ಮೊದಲ ಮೂರು ತಿಂಗಳು ಹಣ ಅಂಗಡಿಗಳಲ್ಲಿ ನಿಲ್ಲುವುದರಿಂದ ಕಂತು ಕೊಡಲಾರೆ. ನಾಲ್ಕನೆಯ ತಿಂಗಳ ಕೊನೆಯಿಂದ 4,000ದಂತೆ, ಬಡ್ಡಿಯೂ ಸೇರಿ 27 ಕಂತು ನಿಮ್ಮ ಖಾತೆಗೆ ಹಾಕುತ್ತೇನೆ. ಎರಡು ತಿಂಗಳು ಸತತವಾಗಿ ದಿನಕ್ಕೆ 55ಕ್ಕಿಂತ ಕಡಿಮೆ ಪ್ಯಾಕೆಟ್ ಹೋದರೆ ನಿಮಗೆ ತಿಳಿಸಿ ಕೆಲಸ ನಿಲ್ಲಿಸುತ್ತೇನೆ, ಯಂತ್ರ ಮತ್ತು ತಕ್ಕಡಿ ಮಾರಿದ ಹಣ ಮೊದಲು ನಿಮಗೆ ಬರುತ್ತದೆ, ಉಳಿದದ್ದನ್ನು ನಾನು ಬೇರೆ ದುಡಿಮೆಯಿಂದ ತೀರಿಸುತ್ತೇನೆ. ಅತ್ತೆಯವರೊಂದಿಗೆ ಮಾತಾಡಿ ಹೇಳಿ. ಆಗದಿದ್ದರೆ ಆಗದು ಎಂದರೆ ಸಾಕು, ಕಾರಣ ಬೇಡ."

ಅತ್ತೆಯ ಹೆಸರನ್ನು ಸುಮ್ಮನೆ ಸೇರಿಸಿಲ್ಲ. ಅವರಿಗೆ ತಿಳಿಯದೆ ಕೊಟ್ಟ ಹಣ ಮುಂದೆ ಆ ಮನೆಯ ಜಗಳವಾಗುತ್ತದೆ, ಬಾಗಿಲಲ್ಲಿ ನಿಂತವರು ನೀವಾಗಿರುತ್ತೀರಿ. ಹಣ ಬ್ಯಾಂಕಿನ ಮೂಲಕವೇ ಬರಲಿ, ಬ್ಯಾಂಕಿನ ಮೂಲಕವೇ ಹೋಗಲಿ, 20,000 ರೂ. ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿರ್ಬಂಧವಿದೆ.

ಅಮ್ಮನ ಸಾಲಿನ ವಿಷಯ. ಅವರ ನೋವು ಸುಳ್ಳಲ್ಲ, ಆದರೆ ಅದು ಈ ಪತ್ರದಲ್ಲಿ ಬಂದ ಕೂಡಲೇ ನಿಮ್ಮ ಸಾಲ ಸಾಲವಾಗಿ ಉಳಿಯುವುದಿಲ್ಲ, ಹಳೆಯ ಬಾಕಿಯ ವಸೂಲಿಯಾಗುತ್ತದೆ. ಆಮೇಲೆ ಕಂತು ತಪ್ಪಿದರೆ ಮಾವನಿಗೆ ಕೇಳಲು ಬಾಯಿ ಬರುವುದಿಲ್ಲ, ನಿಮಗೂ ಕೊಡುವ ಮನಸ್ಸು ಸಡಿಲವಾಗುತ್ತದೆ. ಪಾಲಿನ ಮಾತು ಆಡಲೇಬೇಕಿದ್ದರೆ ಅಕ್ಕ-ತಮ್ಮ ಎದುರುಬದುರು ಕುಳಿತು ಆಡಲಿ.

ನಾನೂ ಒಮ್ಮೆ ಅಕ್ಕನ ಮಗನಿಗೆ ಹಣ ಕೊಟ್ಟವಳು. ಯಾವಾಗ ಕೊಡುತ್ತೀಯೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಒಂದು ಮದುವೆಮನೆಯಲ್ಲಿ ಅವನು ಸಾರಿನ ಬಕೆಟ್ಟು ಹಿಡಿದು ಬರುತ್ತಿದ್ದವನು, ನನ್ನನ್ನು ಕಂಡು ಪಕ್ಕದ ಪಂಕ್ತಿಗೆ ತಿರುಗಿಕೊಂಡ. ನನಗೆ ಅಂದು ಬೇಸರವಾದದ್ದು ಹಣಕ್ಕಲ್ಲ, ತಾರೀಖು ಬರೆಸಿಕೊಳ್ಳದ ನನ್ನ ಸಂಕೋಚಕ್ಕೆ. ಕೊಡುವವರ ಆ ಸಂಕೋಚವನ್ನು ಕೇಳುವ ನೀವೇ ಕಳೆಯಬೇಕು. ಹಣ ಬಂದ ದಿನ ಒಂದು ಪ್ರೊನೋಟು ಬರೆದು ಸಹಿ ಮಾಡಿ ಅಂಚೆಗೆ ಹಾಕಿ, ಅವರು ಕೇಳುವವರೆಗೆ ಕಾಯಬೇಡಿ. ತಿಂಗಳಿಗೊಮ್ಮೆ ಎಷ್ಟು ಹೋಯಿತು, ಎಷ್ಟು ವಾಪಸು ಬಂತು ಎಂದು ಎರಡು ಸಾಲು ಬರೆದು ತಿಳಿಸಿ, ಮೊದಲ ಮೂರು ತಿಂಗಳೂ ಸಹ.