ದರ ಬದಲಾದಾಗ ಹಳೆಯ ಪೋಸ್ಟ್‌ಗಳನ್ನು ಒಟ್ಟಿಗೆ ತಿದ್ದುವುದು ಹೇಗೆ?

ಪ್ರಶ್ನೆ: ಹಾಸನದಲ್ಲಿ ನಮ್ಮದು ಸಣ್ಣ ಟ್ರಾವೆಲ್ಸ್. ಬೇಲೂರು–ಹಳೇಬೀಡು ಒಂದು ದಿನದ ಪ್ರವಾಸಕ್ಕೆ ಒಬ್ಬರಿಗೆ ₹1,850 ಇತ್ತು, ಈಗ ₹2,100 ಮಾಡಿದ್ದೇವೆ. ನಮ್ಮ ವರ್ಡ್‌ಪ್ರೆಸ್ ವೆಬ್‌ಸೈಟಿನ 46 ಪೋಸ್ಟ್‌ಗಳಲ್ಲಿ ಹಳೆಯ ದರವಿದೆ, ಇನ್ನೂ 14 ಶೆಡ್ಯೂಲ್ ಆಗಿ ಕಾಯುತ್ತಿವೆ. ಕೆಲವದರಲ್ಲಿ ಹಾಸನಾಂಬ ದರ್ಶನದ ಹೋದ ವರ್ಷದ ದಿನಾಂಕವೂ ಇದೆ. ಒಂದೊಂದಾಗಿ ತಿದ್ದಬೇಕೆ?

ಉತ್ತರ: ಬೇಕಿಲ್ಲ. ಆದರೆ ಮೊದಲು ಆ 14 ಪೋಸ್ಟ್‌ಗಳನ್ನು ತಡೆಯಿರಿ. Posts ಪುಟದಲ್ಲಿ Scheduled ಒತ್ತಿ, ಎಲ್ಲವನ್ನೂ ಟಿಕ್ ಮಾಡಿ, Bulk actions ನಲ್ಲಿ Edit ಆರಿಸಿ Apply ಕೊಡಿ. ತೆರೆದುಕೊಳ್ಳುವ ಪಟ್ಟಿಯಲ್ಲಿ Status ಅನ್ನು Draft ಮಾಡಿ Update ಒತ್ತಿ. ಈ ಬಲ್ಕ್ ಎಡಿಟ್ ಸ್ಥಿತಿ, ವರ್ಗ, ಟ್ಯಾಗ್‌ಗಳಂಥವನ್ನಷ್ಟೇ ಬದಲಿಸುತ್ತದೆ; ಬರಹದ ಒಳಗಿನ ದರವನ್ನು ಮುಟ್ಟುವುದಿಲ್ಲ.

ಡ್ರಾಫ್ಟ್ ಆದರೂ ಪೋಸ್ಟ್ ತನ್ನ ಹಳೆಯ ಶೆಡ್ಯೂಲ್ ದಿನಾಂಕವನ್ನು ಇಟ್ಟುಕೊಂಡೇ ಇರುತ್ತದೆ. ಆ ದಿನಾಂಕ ಕಳೆದ ಮೇಲೆ ನೀವು Publish ಒತ್ತಿದರೆ ಪೋಸ್ಟ್ ಆ ಕ್ಷಣವೇ ಹೊರಬೀಳುತ್ತದೆ, ಅದೂ ಹಿಂದಿನ ತಾರೀಖಿನಲ್ಲಿ. ಪಟ್ಟಿಯಲ್ಲಿ ಕೆಳಗೆ ಹೋಗಿ ಕೂತ ಅದನ್ನು ಯಾರೂ ಗಮನಿಸುವುದಿಲ್ಲ. ಹಾಗಾಗಿ ಮತ್ತೆ ಹೊರಡಿಸುವಾಗ ಪ್ರತಿಯೊಂದಕ್ಕೂ ಹೊಸ ದಿನಾಂಕ ಕೊಡಿ.

ಇನ್ನು ದರ. ಹಳೆಯ ದರ ಯಾವ್ಯಾವ ರೂಪದಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ಕೆಲಸವಿದೆ. ಒಂದು ಕಡೆ ₹1,850 ಎಂದು ಬರೆದಿರುತ್ತೀರಿ, ಇನ್ನೊಂದು ಕಡೆ ರೂ. 1850, ಮತ್ತೊಂದು ಕಡೆ 1850/-, ಹಬ್ಬದ ಪೋಸ್ಟಿನಲ್ಲಿ ೧,೮೫೦. ಕಂಪ್ಯೂಟರಿಗೆ ಇವು ನಾಲ್ಕೂ ಬೇರೆ ಬೇರೆ. Posts ಪುಟದ ಹುಡುಕಾಟಕ್ಕೆ ಬರಿದೆ 1,850 ಕೊಟ್ಟರೆ ವರ್ಡ್‌ಪ್ರೆಸ್ ಅಲ್ಪವಿರಾಮದ ಬಳಿ ತುಂಡು ಮಾಡಿ 1 ಮತ್ತು 850 ಎರಡೂ ಇರುವ ಪೋಸ್ಟ್‌ಗಳನ್ನು ತೋರಿಸುತ್ತದೆ. ಉದ್ಧರಣ ಚಿಹ್ನೆಯೊಳಗೆ "1,850" ಎಂದೇ ಬರೆಯಿರಿ. ಸಿಕ್ಕ ರೂಪಗಳನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಬದಲಾಯಿಸಲು Better Search Replace ಎಂಬ ಪ್ಲಗಿನ್ ಸಾಕು. ಅದಕ್ಕೂ ಮುಂಚೆ ಡೇಟಾಬೇಸಿನ ಬ್ಯಾಕಪ್ ಆಗಲೇಬೇಕು. ಪೋಸ್ಟಿನ ಹಳೆಯ ಆವೃತ್ತಿಗಳು ಕೂಡ ಅದೇ wp_posts ಟೇಬಲಿನಲ್ಲಿರುವುದರಿಂದ ಅವುಗಳಲ್ಲೂ ದರ ಬದಲಾಗಿಬಿಡುತ್ತದೆ. ತಪ್ಪಾದರೆ Revisions ಗೆ ಹೋಗಿ ಹಿಂತಿರುಗಲು ಬರುವುದಿಲ್ಲ.

ಪ್ಲಗಿನ್‌ನಲ್ಲಿ wp_posts ಟೇಬಲ್ ಮಾತ್ರ ಆರಿಸಿ (ನಿಮ್ಮಲ್ಲಿ ಹೆಸರಿನ ಮೊದಲ ಭಾಗ ಬೇರೆ ಇರಬಹುದು). ₹1,850 ಇದ್ದಲ್ಲಿ ₹2,100 ಎಂದು ಕೊಟ್ಟು, Run as dry run ಟಿಕ್ ಹಾಗೇ ಬಿಟ್ಟು ಒಮ್ಮೆ ಓಡಿಸಿ. ಏನನ್ನೂ ಬದಲಿಸದೆ ಎಷ್ಟು ಕಡೆ ಸಿಕ್ಕಿತೆಂದು ಹೇಳುತ್ತದೆ. ಆವೃತ್ತಿಗಳೂ ಲೆಕ್ಕಕ್ಕೆ ಬರುವುದರಿಂದ 46ಕ್ಕಿಂತ ಹೆಚ್ಚು ಬಂದರೆ ಗಾಬರಿ ಬೇಡ. ಕಡಿಮೆ ಬಂದರೆ ಉಳಿದವು ಬೇರೆ ರೂಪದಲ್ಲಿವೆ ಎಂದರ್ಥ. ಆಮೇಲೆ ಟಿಕ್ ತೆಗೆದು ಓಡಿಸಿ. ಹೀಗೆ ಪ್ರತಿ ರೂಪಕ್ಕೂ ಒಂದೊಂದು ಸಲ.

ಬರಿಯ 1850 ಎಂಬ ಅಂಕಿಯನ್ನು ಮಾತ್ರ ಎಂದಿಗೂ ಬದಲಿಸಲು ಕೊಡಬೇಡಿ. ಅದು ಫೋನ್ ನಂಬರಿನ ನಡುವೆ ಇರಬಹುದು, belur-trip-1850.jpg ಎಂಬ ಚಿತ್ರದ ಹೆಸರಿನಲ್ಲಿರಬಹುದು, ಪೋಸ್ಟಿನ ವಿಳಾಸದಲ್ಲೂ ಇರಬಹುದು. ಚಿತ್ರ ಕಾಣೆಯಾಗುತ್ತದೆ, ಜನ ವಾಟ್ಸ್ಯಾಪಿನಲ್ಲಿ ಹಂಚಿಕೊಂಡ ಲಿಂಕ್ ಸತ್ತುಹೋಗಬಹುದು. ಅಂಕಿಯ ಹಿಂದೆ ₹ ಅಥವಾ ರೂ., ಇಲ್ಲವೇ ಮುಂದೆ /- ಸೇರಿಸಿಯೇ ಕೊಡಿ. ಎಲಿಮೆಂಟರ್‌ನಲ್ಲಿ ಕಟ್ಟಿದ ಪುಟಗಳಿದ್ದರೆ ಅವನ್ನು ಕೈಯಿಂದಲೇ ತಿದ್ದಿ: ಅದು ₹ ಚಿಹ್ನೆಯನ್ನೂ ಕನ್ನಡ ಅಕ್ಷರಗಳನ್ನೂ \u20b9 ರೀತಿಯ ಸಂಕೇತವಾಗಿ ಬೇರೆ ಟೇಬಲಿನಲ್ಲಿ ಇಡುವುದರಿಂದ ಈ ಹುಡುಕಾಟಕ್ಕೆ ಸಿಗುವುದಿಲ್ಲ.

ಹಾಸನಾಂಬ ದಿನಾಂಕಕ್ಕೆ ಈ ದಾರಿ ಬೇಡ. ಆಶ್ವೀಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆರೆಯುವುದು ರೂಢಿ, ಹಾಗಾಗಿ ತಾರೀಖು ಪ್ರತಿವರ್ಷ ಜರುಗುತ್ತದೆ, ಬಾಗಿಲು ಮುಚ್ಚುವ ದಿನದ ವಾರ, ಬಸ್ ಹೊರಡುವ ದಿನ ಎಲ್ಲವೂ ಬದಲಾಗುತ್ತವೆ. ತಾರೀಖು ಮಾತ್ರ ತಿರುಗಿಸಿದರೆ ವಾರ ತಪ್ಪಿ ನಿಲ್ಲುತ್ತದೆ. ಒಂದೇ ಪುಟವನ್ನು ಅದೇ ವಿಳಾಸದಲ್ಲಿ ಉಳಿಸಿಕೊಂಡು ವರ್ಷವರ್ಷವೂ ಹೊಸದಾಗಿ ಬರೆಯಿರಿ, ತಾರೀಖಿನ ಜೊತೆ ಇಸವಿ ಹಾಕಿ. ಉಳಿದ ಹಳೆಯ ಹಾಸನಾಂಬ ಪೋಸ್ಟ್‌ಗಳನ್ನು ಟಿಕ್ ಮಾಡಿ Move to Trash ಕೊಡಬಹುದು. 30 ದಿನ ಅಲ್ಲಿರುತ್ತವೆ. Trash ಗೆ ಹಾಕುವ ಮೊದಲೇ ಆ ವಿಳಾಸಗಳನ್ನು ಹೊಸ ಪುಟಕ್ಕೆ ತಿರುಗಿಸಿ, ಇಲ್ಲವಾದರೆ ಗೂಗಲ್‌ನಿಂದ ಬಂದವರಿಗೆ ಪುಟವಿಲ್ಲ ಎಂದೇ ಕಾಣುತ್ತದೆ.

ಪೋಸ್ಟರ್ ಚಿತ್ರದ ಮೇಲೆ ಅಚ್ಚಾದ ದರವನ್ನು ಯಾವ ಪ್ಲಗಿನ್ನೂ ತಿದ್ದದು. ಹೊಸ ಪೋಸ್ಟರನ್ನು ಹೊಸ ಹೆಸರಿನಿಂದಲೇ ಏರಿಸಿ. ಹಳೆಯ ಹೆಸರಲ್ಲೇ ಏರಿಸಿದರೆ ಗ್ರಾಹಕರ ಮೊಬೈಲ್ ತನ್ನಲ್ಲಿ ಉಳಿಸಿಕೊಂಡ ಹಳೆಯದನ್ನೇ ತೋರಿಸಬಹುದು. ಕೊನೆಗೆ ಕ್ಯಾಶ್ ಪ್ಲಗಿನ್ ಖಾಲಿ ಮಾಡಿ, ಲಾಗಿನ್ ಆಗದ ಬೇರೊಂದು ಫೋನಿನಲ್ಲಿ ನಾಲ್ಕೈದು ಪೋಸ್ಟ್ ತೆರೆದು ನೋಡಿ. ಅಲ್ಲಿಯೂ ₹2,100 ಕಂಡರೆ, ಡ್ರಾಫ್ಟಿನಲ್ಲಿರುವ 14ಕ್ಕೆ ಹೊಸ ದಿನಾಂಕ ಕೊಟ್ಟು ಹೊರಡಿಸಬಹುದು.