ಕೊನೆಯ ಕಂತಿಗೂ ಒಂದು ತಿಂಗಳ ಬಡ್ಡಿ ಇದೆ

"ಮಾನ್ಯ ಸಂಪಾದಕರೇ, ಆರ್‌ಡಿಯ ಮುಕ್ತಾಯ ಮೊತ್ತವನ್ನು ಗುಣೋತ್ತರ ಶ್ರೇಢಿಯಿಂದ ವಿವರಿಸುವ ಲೇಖನ ಕಳುಹಿಸಿದ್ದೇನೆ. ತಿಂಗಳಿಗೆ 1,000 ರೂಪಾಯಿಯಂತೆ 12 ಕಂತು, ಶೇ 6 ವಾರ್ಷಿಕ ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ನನ್ನ ಉತ್ತರ 12,335.56 ರೂಪಾಯಿ. ಪ್ರಕಟಿಸಬಹುದೇ?"

ಈಗಿರುವಂತೆ ಪ್ರಕಟಿಸಲಾರೆ. ನಿಮ್ಮ ಭಾಷೆ ತಿಳಿಯಾಗಿದೆ, ಆದರೆ ಉತ್ತರ ತಪ್ಪಾಗಿದೆ. ಇದನ್ನು ನಂಬಿ ಓದುಗರು ತಮ್ಮ ಪಾಸ್‌ಬುಕ್ ತೆರೆದು ಕುಳಿತರೆ ಲೆಕ್ಕ ತಾಳೆಯಾಗುವುದಿಲ್ಲ.

ಸೂತ್ರಕ್ಕೆ ಕೈ ಹಾಕುವ ಮೊದಲು ಸರಳ ಬಡ್ಡಿಯಲ್ಲಿ ಅಂದಾಜು ಮಾಡಿ ನೋಡಿ. ಮೊದಲ ಕಂತು 12 ತಿಂಗಳು ಬ್ಯಾಂಕಿನಲ್ಲಿರುತ್ತದೆ, ಎರಡನೆಯದು 11 ತಿಂಗಳು, ಕೊನೆಯದು 1 ತಿಂಗಳು. ಎಲ್ಲ ಕೂಡಿದರೆ 78 ತಿಂಗಳು. ಸಾವಿರಕ್ಕೆ ತಿಂಗಳಿಗೆ 5 ರೂಪಾಯಿಯಂತೆ ಬಡ್ಡಿ 390, ಒಟ್ಟು 12,390. ಇಲ್ಲಿ ಚಕ್ರಬಡ್ಡಿಯ ಮೊತ್ತ ಇದಕ್ಕಿಂತ ಹೆಚ್ಚಿರಲೇಬೇಕು. ನಿಮ್ಮದು ಕಡಿಮೆ ಬಂದಿದೆ. ಅಲ್ಲಿಯೇ ಅನುಮಾನ ಹುಟ್ಟಬೇಕಿತ್ತು.

ಎಡವಿದ್ದು ಶ್ರೇಢಿಯ ಮೊದಲ ಪದದಲ್ಲಿ. ಕೊನೆಯ ಕಂತಿನಿಂದ ಹಿಂದಕ್ಕೆ ಎಣಿಸುತ್ತ ನೀವು ಅದನ್ನು 1,000 ಎಂದು ಬರೆದಿದ್ದೀರಿ. ಅಂದರೆ ಹನ್ನೆರಡನೆಯ ಕಂತು ಕಟ್ಟಿದ ದಿನವೇ ಖಾತೆ ಮುಗಿಯಿತು ಎಂದಾಯಿತು. ನಿಜದಲ್ಲಿ ಅದು ಇನ್ನೊಂದು ತಿಂಗಳು ಇದ್ದು 1,005 ಆಗುತ್ತದೆ. ಮೊದಲ ಪದ ಅದೇ. ಸಾಮಾನ್ಯ ಅನುಪಾತ 1.005, ಪದಗಳು 12:

```
S = 1005 × (1.005^12 − 1) / 0.005 = 12397.24
```

ನಿಮ್ಮ ಉತ್ತರಕ್ಕೂ ಇದಕ್ಕೂ ಇರುವ ಅಂತರ 61.68. ಇದು ಮೊದಲ ಕಂತು ಇಡೀ ವರ್ಷದಲ್ಲಿ ಗಳಿಸುವ ಬಡ್ಡಿಯೇ! ಎಲ್ಲ ಪದಗಳೂ ಒಂದೊಂದು ತಿಂಗಳು ಹಿಂದಕ್ಕೆ ಸರಿದಾಗ ಸಾಲಿನಿಂದ ಬಿದ್ದುಹೋದದ್ದು 12 ತಿಂಗಳ ಪದ, ಹೊಸದಾಗಿ ಸೇರಿದ್ದು ಬಡ್ಡಿಯಿಲ್ಲದ ಬರಿಯ ಸಾವಿರ. ಈ ಮಾತನ್ನು ಲೇಖನದಲ್ಲಿ ಖಂಡಿತ ಬರೆಯಿರಿ. ಶ್ರೇಢಿ ಎಂದರೇನೆಂದು ಓದುಗರಿಗೆ ಕಣ್ಣಿಗೆ ಕಟ್ಟುವುದು ಇಲ್ಲಿಯೇ.

ಇನ್ನೊಂದು ತಿದ್ದುಪಡಿ. ನಮ್ಮ ಬ್ಯಾಂಕುಗಳು ಆರ್‌ಡಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕುತ್ತವೆ. ಆಗ ಮೂರು ತಿಂಗಳ ಗುಣಕ 1.015, ತಿಂಗಳ ಅನುಪಾತ ಅದರ ಘನಮೂಲ:

```
r = 1.015^(1/3) = 1.004975...
S = 1000 × r × (1.015^4 − 1) / (r − 1) ≈ 12395
```

ಇಲ್ಲಿ r ಅನ್ನು 1.005 ಎಂದು ದುಂಡಗೆ ಮಾಡಬೇಡಿ. ಛೇದದಲ್ಲಿರುವ r − 1 ಬಹಳ ಚಿಕ್ಕ ಸಂಖ್ಯೆ. ಅಲ್ಲಿ 0.005 ಬರೆದರೆ ಉತ್ತರ ಸುಮಾರು 12,334ಕ್ಕೆ ಇಳಿಯುತ್ತದೆ, 61 ರೂಪಾಯಿ ಮತ್ತೆ ಮಾಯವಾಗುತ್ತದೆ. ಕ್ಯಾಲ್ಕುಲೇಟರಿನಲ್ಲಿ ಬಂದ ಎಲ್ಲ ಅಂಕಿಗಳನ್ನೂ ಉಳಿಸಿಕೊಂಡು, ಕೊನೆಯ ಉತ್ತರವನ್ನು ಮಾತ್ರ ದುಂಡಗೆ ಮಾಡಿ.

ಲೇಖನವನ್ನು 78 ತಿಂಗಳ ಎಣಿಕೆಯಿಂದಲೇ ಆರಂಭಿಸಿ, ಸೂತ್ರ ಆಮೇಲೆ ಬರಲಿ. ತಿದ್ದಿದ ಪ್ರತಿಗಾಗಿ ಕಾಯುತ್ತಿರುತ್ತೇನೆ.